ಅರಿವೆಯ ಬೆಲೆಯೂ ಹೊಲಿಗೆಯ ವೆಚ್ಚವೂ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಸಿದ್ಧ ಉಡುಪಿನ ಸಣ್ಣ ಕಾರ್ಖಾನೆಗಳನ್ನು ನಡೆಸತಕ್ಕವರ ಪತ್ರಗಳು ಆಗಾಗ ಇರುವುದುಂಟು. ಬರೆದವರ ಊರು, ಯಂತ್ರಗಳ ಸಂಖ್ಯೆ, ಬಂಡವಾಳದ ಪರಿಮಾಣ ಇವೆಲ್ಲ ಬೇರೆಬೇರೆಯಾದರೂ ಪ್ರಶ್ನೆ ಮಾತ್ರ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ನಮ್ಮಲ್ಲಿ ಒಂದೇ ಲೈನಿನಲ್ಲಿ ಈ ವಾರ ಪಾಪ್ಲಿನ್ ಅಂಗಿಯನ್ನೂ ಮುಂದಿನ ವಾರ ಲಿನನ್ ಅಂಗಿಯನ್ನೂ ಹೊಲಿಯುತ್ತೇವೆ. ಮೀಟರಿನ ಬೆಲೆಯಲ್ಲಿ ಒಂದು ಇನ್ನೊಂದರ ಮೂರರಷ್ಟಿದೆ. ಆದರೆ ಕಾಲರು ಕೂರಿಸುವ ಕೈ ಅದೇ, ಕಾಜಾ ಹಾಕುವ ಯಂತ್ರ ಅದೇ, ಇಸ್ತ್ರಿಯ ಮೇಜು ಅದೇ. ಹೀಗಿರುವಲ್ಲಿ ಒಂದೊಂದು ಅಂಗಿಗೆ ನಿಜವಾಗಿ ತಗುಲಿದ ವೆಚ್ಚ ಎಷ್ಟೆಂಬುದನ್ನು ಯಾವ ಕ್ರಮದಿಂದ ನಿಶ್ಚಯಿಸಬೇಕು ಎಂಬುದು ಆ ಪ್ರಶ್ನೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರಿಸುತ್ತ ಬಂದುದನ್ನೇ ಇಂದು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತವೆಂದು ತೋರುತ್ತದೆ.

ವಾಡಿಕೆಯಲ್ಲಿರುವ ಕ್ರಮವನ್ನು ಮೊದಲು ನೋಡೋಣ. ನಾನು ಲೆಕ್ಕ ಪರಿಶೋಧಿಸಿದ ಅನೇಕ ಸಣ್ಣ ಕಾರ್ಖಾನೆಗಳಲ್ಲಿ ದರ ಹೇಳುವ ರೀತಿ ಇಷ್ಟೇ: ಅಂಗಿಯೊಂದಕ್ಕೆ ಹಿಡಿಯುವ ಬಟ್ಟೆ, ಗುಂಡಿ, ದಾರಗಳ ಬೆಲೆಯನ್ನು ಕೂಡಿ, ಅದರ ಮೇಲೆ ಶೇಕಡ ಇಷ್ಟು ಎಂದು ಕೂಲಿ ಮತ್ತು ಇತರ ಖರ್ಚನ್ನು ಏರಿಸಿ, ಅದರ ಮೇಲೆ ಲಾಭವನ್ನಿಟ್ಟು ವ್ಯಾಪಾರಿಗೆ ತಿಳಿಸಿಬಿಡುವುದು. ಈ ಶೇಕಡಾಂಶವು ಮಾಲೀಕರ ಕಲ್ಪನೆಯಿಂದ ಹುಟ್ಟಿದ್ದಲ್ಲ. ಹೋದ ವರ್ಷದ ಒಟ್ಟು ಖರ್ಚನ್ನು ಹೋದ ವರ್ಷದ ಒಟ್ಟು ಬಟ್ಟೆಯ ಬೆಲೆಯಿಂದ ಭಾಗಿಸಿಯೇ ಅದನ್ನು ಕಂಡುಕೊಂಡಿರುತ್ತಾರೆ. ಆದುದರಿಂದ ವರ್ಷದ ಕೊನೆಯಲ್ಲಿ ಒಟ್ಟು ಮೊತ್ತವು ಸರಿಹೋಗುತ್ತದೆ, ಮತ್ತು ಒಟ್ಟು ಮೊತ್ತ ಸರಿಹೋದುದರಿಂದಲೇ ಕ್ರಮವೂ ಸರಿಯೆಂಬ ಭ್ರಾಂತಿ ಬಲವಾಗಿ ಬೇರೂರುತ್ತದೆ. ದೋಷವಿರುವುದು ಮೊತ್ತದಲ್ಲಲ್ಲ, ಹಂಚಿಕೆಯಲ್ಲಿ. ಸೂಜಿಗೆ ತನ್ನ ಕೆಳಗೆ ಹಾಯುತ್ತಿರುವ ಅರಿವೆಯ ಬೆಲೆ ತಿಳಿಯದು. ಬೆಲೆಯಾದ ಬಟ್ಟೆಯೆಂಬ ಕಾರಣಕ್ಕಾಗಿ ಟೇಲರಿಗೆ ಹೆಚ್ಚು ಸಂಬಳವೂ ಇಲ್ಲ, ಕಟ್ಟಡಕ್ಕೆ ಹೆಚ್ಚು ಬಾಡಿಗೆಯೂ ಇಲ್ಲ. ಹಿಟ್ಟಿನ ಗಿರಣಿಯವನು ರಾಗಿಯನ್ನು ತಂದವನಿಂದಲೂ ಗೋಧಿಯನ್ನು ತಂದವನಿಂದಲೂ ಬೀಸಿದ ತೂಕಕ್ಕೆ ಕೂಲಿ ಕೇಳುತ್ತಾನೆಯೇ ಹೊರತು ಧಾನ್ಯದ ಮಾರುಕಟ್ಟೆಯ ಬೆಲೆಯಲ್ಲಿ ಪಾಲು ಕೇಳುವುದಿಲ್ಲ. ಅವನಿಗೆ ಸಹಜವಾಗಿ ಹೊಳೆದ ಈ ವಿವೇಕವು ನಮ್ಮ ಉಡುಪಿನ ಕಾರ್ಖಾನೆಗಳ ಲೆಕ್ಕದ ಪುಸ್ತಕಕ್ಕೆ ಇನ್ನೂ ಸಂಪೂರ್ಣವಾಗಿ ಇಳಿದುಬಂದಿಲ್ಲ.

ವೆಚ್ಚದ ಲೆಕ್ಕವನ್ನು ವಾಣಿಜ್ಯದ ತರಗತಿಯಲ್ಲಿ ಓದಿದವರಿಗೆ ಎರಡು ಪದ್ಧತಿಗಳ ನೆನಪಿರಬಹುದು. ಒಂದು, ಪ್ರತಿಯೊಂದು ಕೆಲಸಕ್ಕೂ ಒಂದು ಹಾಳೆಯನ್ನು ತೆರೆದು, ಅದಕ್ಕೆ ತಗುಲಿದ ಸಾಮಗ್ರಿ ಮತ್ತು ಕೂಲಿ ಎಲ್ಲವನ್ನೂ ಅಲ್ಲಿಯೇ ಬರೆಯುವುದು. ಮುದ್ರಣಾಲಯಕ್ಕೆ ಇದು ಹೊಂದುತ್ತದೆ. ಇನ್ನೊಂದು, ತಿಂಗಳ ಖರ್ಚನ್ನೆಲ್ಲ ಒಟ್ಟುಗೂಡಿಸಿ ತಯಾರಾದ ಪದಾರ್ಥದ ಪರಿಮಾಣದಿಂದ ಭಾಗಿಸುವುದು. ಸಕ್ಕರೆಯ ಕಾರ್ಖಾನೆಗೆ ಇದು ಹೊಂದುತ್ತದೆ, ಏಕೆಂದರೆ ಅಲ್ಲಿ ಒಂದು ಮೂಟೆ ಸಕ್ಕರೆಗೂ ಇನ್ನೊಂದು ಮೂಟೆ ಸಕ್ಕರೆಗೂ ಭೇದವಿಲ್ಲ. ಅಂಗಿಯ ಕಾರ್ಖಾನೆ ಇವೆರಡರ ನಡುವೆ ನಿಂತಿದೆ. ಬಟ್ಟೆಯ ದೃಷ್ಟಿಯಿಂದ ಪ್ರತಿಯೊಂದು ಲಾಟೂ ಪ್ರತ್ಯೇಕ. ಹೊಲಿಗೆಯ ದೃಷ್ಟಿಯಿಂದ ಎಲ್ಲ ಲಾಟುಗಳೂ ಒಂದೇ ದಾರಿಯಲ್ಲಿ ಹರಿಯುವ ನೀರು. ಆದುದರಿಂದ ಸಾಮಗ್ರಿಯನ್ನು ಮೊದಲನೆಯ ಪದ್ಧತಿಯಂತೆ ಲಾಟಿಗೆ ನೇರವಾಗಿ ಕಟ್ಟುವುದು, ಕೂಲಿ ಮತ್ತು ಇತರ ಪರಿವರ್ತನಾ ವೆಚ್ಚವನ್ನು ಎರಡನೆಯ ಪದ್ಧತಿಯಂತೆ ಒಂದೊಂದು ಹಂತದಲ್ಲಿ ಒಟ್ಟುಗೂಡಿಸಿ ಆ ಹಂತವನ್ನು ದಾಟಿದ ಪೀಸುಗಳ ಮೇಲೆ ಸಮನಾಗಿ ಹಂಚುವುದು: ಈ ಮಿಶ್ರಕ್ರಮಕ್ಕೆ ಆಪರೇಷನ್ ಕಾಸ್ಟಿಂಗ್ ಎಂದು ಹೆಸರು. ಹೆಸರು ಗಂಭೀರವಾಗಿದ್ದರೂ ಬೇಕಾದ ಗಣಿತವು ಮಾಧ್ಯಮಿಕ ಶಾಲೆಯ ಭಾಗಾಕಾರಕ್ಕಿಂತ ಮೇಲಿನದಲ್ಲ.

ಲೆಕ್ಕಕ್ಕಾಗಿ ಒಂದು ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಕಾಣಸಿಗುವಂಥ, ನಲವತ್ತು ಹೊಲಿಗೆಯ ಯಂತ್ರಗಳ, ತಿಂಗಳಿಗೆ 10,000 ತುಂಬುತೋಳಿನ ಅಂಗಿಗಳನ್ನು ಹೊರಡಿಸತಕ್ಕ ಒಂದು ಘಟಕ. ಅಲ್ಲಿ ಮುಖ್ಯವಾಗಿ ಮೂರು ಹಂತಗಳಿವೆಯೆನ್ನೋಣ. ಕಟಿಂಗ್ ಮಾಸ್ಟರು ಬಟ್ಟೆಯನ್ನು ಮೇಜಿನ ಮೇಲೆ ಪದರಪದರವಾಗಿ ಹಾಸಿ, ಮಾರ್ಕರಿನ ಗೆರೆಯಂತೆ ಕತ್ತರಿಸಿ, ಬಂಡಲು ಕಟ್ಟಿ ನಂಬರು ಹಾಕುವುದು ಮೊದಲನೆಯದು. ಆ ಬಂಡಲುಗಳು ಲೈನಿನಲ್ಲಿ ಕೈಯಿಂದ ಕೈಗೆ ಸಾಗಿ, ಕಾಲರು, ಕಫು, ತೋಳು, ಪಕ್ಕದ ಹೊಲಿಗೆಗಳನ್ನು ಪಡೆದು ಅಂಗಿಯ ಆಕಾರಕ್ಕೆ ಬರುವುದು ಎರಡನೆಯದು. ಕಾಜಾ, ಗುಂಡಿ, ದಾರ ಕತ್ತರಿಸುವುದು, ಚೆಕಿಂಗು, ಇಸ್ತ್ರಿ, ಪ್ಯಾಕಿಂಗು ಸೇರಿದ ಫಿನಿಶಿಂಗ್ ಮೂರನೆಯದು. ಒಂದು ತಿಂಗಳಲ್ಲಿ ಕಟಿಂಗ್ ವಿಭಾಗದ ಸಂಬಳ, ಪಿ.ಎಫ್., ಇ.ಎಸ್.ಐ., ವಿದ್ಯುತ್ತು, ಆ ವಿಭಾಗವು ಹಿಡಿದಿರುವ ಜಾಗದ ಅಳತೆಗೆ ತಕ್ಕ ಬಾಡಿಗೆ, ಯಂತ್ರದ ಸವಕಳಿ ಎಲ್ಲವೂ ಸೇರಿ 1,20,000 ರೂಪಾಯಿ ಆಯಿತೆನ್ನೋಣ, ಹೊಲಿಗೆಯ ಲೈನಿನಲ್ಲಿ ಟೇಲರುಗಳು, ಹೆಲ್ಪರುಗಳು, ಸೂಪರ್‌ವೈಸರು, ಮೆಕ್ಯಾನಿಕ್, ಸೂಜಿ, ಎಣ್ಣೆ, ಬಾಡಿಗೆ ಸೇರಿ 9,50,000, ಫಿನಿಶಿಂಗಿನಲ್ಲಿ 2,80,000. ಮೂರು ಹಂತಗಳನ್ನೂ 10,000 ಅಂಗಿಗಳು ದಾಟಿರುವುದರಿಂದ ಅಂಗಿಯೊಂದಕ್ಕೆ ಕ್ರಮವಾಗಿ 12, 95 ಮತ್ತು 28, ಒಟ್ಟು 135 ರೂಪಾಯಿ ಬೀಳುತ್ತದೆ. ಬಟ್ಟೆ ಯಾವುದೇ ಆಗಿರಲಿ, ಈ ದಾರಿಯಲ್ಲಿ ಹಾದುಹೋದ ಅಂಗಿ ತೆರಬೇಕಾದ ಸುಂಕ ಇದು.

ಆ ತಿಂಗಳ ಅಂಗಿಗಳಲ್ಲಿ 8,000 ಪಾಪ್ಲಿನ್ನಿನವು, 2,000 ಲಿನನ್ನಿನವು. ಪಾಪ್ಲಿನ್ ಅಂಗಿಗೆ 1.60 ಮೀಟರ್ ಬಟ್ಟೆ, ಮೀಟರಿಗೆ 140 ರೂಪಾಯಿಯಂತೆ 224. ಗುಂಡಿ, ದಾರ, ಕಾಲರಿನ ಕ್ಯಾನ್ವಾಸು, ಲೇಬಲು, ಪೆಟ್ಟಿಗೆ ಸೇರಿ 31. ಒಟ್ಟು ಸಾಮಗ್ರಿ 255. ಲಿನನ್ ಅಂಗಿಗೆ 1.70 ಮೀಟರ್, 420ರಂತೆ 714, ಬೆಲೆಯಾದ ಗುಂಡಿ ಮೊದಲಾದವು 46, ಒಟ್ಟು 760. ಲಿನನ್ ಅಂಗಿಗಳು ಹೊಲಿಗೆಯ ತರುವಾಯ ಮೃದುವಾಗಲೆಂದು ಒಂದು ಸಲ ತೊಳೆಯುವ ಹಂತವನ್ನೂ ದಾಟಿದವೆನ್ನೋಣ. ಆ ಹಂತದ ಖರ್ಚು 36,000 ರೂಪಾಯಿ. ಇದನ್ನು ತೊಳೆಯಿಸಿಕೊಂಡ 2,000 ಅಂಗಿಗಳು ಮಾತ್ರ ಹೊರಬೇಕು, ಅಂಗಿಗೆ 18ರಂತೆ. ಪಾಪ್ಲಿನ್ನಿನ ಅಂಗಿಗೆ 255 ಮತ್ತು 135 ಸೇರಿ 390. ಲಿನನ್ನಿನ ಅಂಗಿಗೆ 760, 135 ಮತ್ತು 18 ಸೇರಿ 913. ಲೆಕ್ಕ ಇಷ್ಟಕ್ಕೇ ಮುಗಿಯಿತು.

ಇದೇ ತಿಂಗಳನ್ನು ಶೇಕಡದ ಕ್ರಮದಲ್ಲಿ ನೋಡಿದರೆ ಏನಾಗುವುದೆಂಬುದು ವಿಚಾರಾರ್ಹವಾಗಿದೆ. ಒಟ್ಟು ಸಾಮಗ್ರಿ 35,60,000 ರೂಪಾಯಿ, ಮೂರು ಹಂತಗಳ ಒಟ್ಟು ಖರ್ಚು 13,50,000. ಆದುದರಿಂದ ಸಾಮಗ್ರಿಯ ಮೇಲೆ ಸುಮಾರು ಶೇಕಡ 38. ಈ ದರದಂತೆ ಪಾಪ್ಲಿನ್ ಅಂಗಿಯ ಮೇಲೆ ಬೀಳುವ ಪರಿವರ್ತನಾ ವೆಚ್ಚ 97 ರೂಪಾಯಿ, ಲಿನನ್ ಅಂಗಿಯ ಮೇಲೆ 288. ಒಂದೇ ಟೇಲರು, ಒಂದೇ ಯಂತ್ರದಲ್ಲಿ, ಹೆಚ್ಚುಕಡಮೆ ಒಂದೇ ಹೊತ್ತಿನಲ್ಲಿ ಹೊಲಿದ ಎರಡು ಅಂಗಿಗಳಲ್ಲಿ ಒಂದಕ್ಕೆ ಮತ್ತೊಂದರ ಮೂರರಷ್ಟು ಕೂಲಿಯನ್ನು ನಾವು ಕಾಗದದ ಮೇಲೆ ಕೊಟ್ಟಿದ್ದೇವೆ! ಇದರ ಫಲವಾಗಿ ಪಾಪ್ಲಿನ್ ಅಂಗಿಯ ವೆಚ್ಚ 352 ಎಂದೂ ಲಿನನ್ ಅಂಗಿಯ ವೆಚ್ಚ 1,066 ಎಂದೂ ಪುಸ್ತಕದಲ್ಲಿ ಬರುತ್ತದೆ. ವ್ಯಾಪಾರಿಯೊಬ್ಬನು ಪಾಪ್ಲಿನ್ ಅಂಗಿಗೆ 380 ಕೊಡುವೆನೆಂದರೆ ಮಾಲೀಕರು ಅಂಗಿಗೆ 28 ರೂಪಾಯಿ ಲಾಭವೆಂದು ಸಂತೋಷದಿಂದ ಒಪ್ಪಿ, ವಾಸ್ತವದಲ್ಲಿ ಅಂಗಿಗೆ 10 ರೂಪಾಯಿ ಕೈಯಿಂದ ಹಾಕುತ್ತಾರೆ. ಇನ್ನೊಬ್ಬನು ಲಿನನ್ ಅಂಗಿಗೆ 1,000 ಕೊಡುವೆನೆಂದರೆ ನಷ್ಟವಾಗುವುದೆಂದು ಹೆದರಿ, 87 ರೂಪಾಯಿ ಉಳಿಯುತ್ತಿದ್ದ ಕೆಲಸವನ್ನು ಪಕ್ಕದ ಬೀದಿಯವರಿಗೆ ಬಿಟ್ಟುಕೊಡುತ್ತಾರೆ.

ಇಲ್ಲಿ ಅಪಾಯಕರವಾದುದು ಈ ಎರಡು ತಪ್ಪುಗಳು ಒಂದನ್ನೊಂದು ಪೋಷಿಸುವ ರೀತಿ. ಅಗ್ಗದ ಬಟ್ಟೆಯ ಆರ್ಡರುಗಳು ನಮ್ಮ ದರ ಕಡಮೆಯೆಂದು ಹುಡುಕಿಕೊಂಡು ಬರುತ್ತವೆ, ಬೆಲೆಯಾದ ಬಟ್ಟೆಯವು ನಮ್ಮ ದರ ಹೆಚ್ಚೆಂದು ದೂರ ಸರಿಯುತ್ತವೆ. ವರ್ಷ ಕಳೆದಂತೆ ಲೈನಿನಲ್ಲಿ ಪಾಪ್ಲಿನ್ನೇ ತುಂಬಿಕೊಂಡು, ಕೆಲಸ ಬಿಡುವಿಲ್ಲದಂತಿದ್ದರೂ ಬ್ಯಾಂಕಿನ ಓವರ್‌ಡ್ರಾಫ್ಟ್ ಮಾತ್ರ ಇಳಿಯುವುದಿಲ್ಲ. ಬೆಲೆಯಾದ ಬಟ್ಟೆಯು ಕಡಮೆಯಾದಂತೆ ಭಾಜಕವೂ ಕುಗ್ಗಿ, ಮುಂದಿನ ವರ್ಷದ ಶೇಕಡಾಂಶವು 38ರಿಂದ ಮೇಲೇರುತ್ತದೆ. ಆಗ ಮಾಲೀಕರು ಕೂಲಿ ದುಬಾರಿಯಾಯಿತೆಂದು ನಿಟ್ಟುಸಿರಿಡುತ್ತಾರೆ. ನಿಮ್ಮ ಕಾರ್ಖಾನೆಯಲ್ಲಿ ಈ ರೋಗವಿದೆಯೇ ಎಂದು ತಿಳಿಯಬೇಕಾದರೆ ಕಳೆದ ವರ್ಷ ಕೈಗೆ ಬಂದ ಆರ್ಡರುಗಳನ್ನೂ ಕೈತಪ್ಪಿದ ಆರ್ಡರುಗಳನ್ನೂ ಎರಡು ಪಟ್ಟಿಗಳಾಗಿ ಬರೆದು, ಒಂದರಲ್ಲಿ ಅಗ್ಗದ ಅರಿವೆಯೂ ಇನ್ನೊಂದರಲ್ಲಿ ದುಬಾರಿ ಅರಿವೆಯೂ ಗುಂಪುಗೂಡಿವೆಯೇ ಎಂದು ನೋಡಿದರೆ ಸಾಕು.

ಇಷ್ಟು ಹೇಳಿದ ಮಾತ್ರಕ್ಕೆ ಹೊಲಿಗೆಯ ಪಾಲು ಸರಿಹೋಯಿತೆಂದರೂ ಬಟ್ಟೆಯ ಪಾಲು ತಾನಾಗಿಯೇ ಸರಿಯಿರುವುದೆಂದು ಭಾವಿಸಕೂಡದು. ನನ್ನ ಅನುಭವದಲ್ಲಿ ಹಣ ಹೆಚ್ಚಾಗಿ ಸೋರುವುದು ಕಟಿಂಗ್ ಮೇಜಿನ ಬಳಿಯಲ್ಲಿ. ಸ್ಯಾಂಪಲ್ ಅಂಗಿಯನ್ನು ಹೊಲಿದಾಗ ಲಿನನ್ 1.62 ಮೀಟರ್ ಹಿಡಿಯಿತೆಂದು ಬರೆದುಕೊಂಡು, ದರವನ್ನೂ ಅದರ ಮೇಲೆಯೇ ಹೇಳಿ, ಲಾಟಿನ ಹಾಳೆಯಲ್ಲಿಯೂ ಅದನ್ನೇ ನಮೂದಿಸುವುದು ಸಾಮಾನ್ಯ. ಆದರೆ 2,000 ಅಂಗಿಗಳಿಗೆ ಸ್ಟೋರಿನಿಂದ ಹೊರಟ ಬಟ್ಟೆ 3,400 ಮೀಟರ್. ಎಂದರೆ ಅಂಗಿಗೆ 1.70. ನಡುವಿನ 8 ಸೆಂಟಿಮೀಟರ್ ನೋಟಕ್ಕೆ ಅಲ್ಪ. 420 ರೂಪಾಯಿಯ ಬಟ್ಟೆಯಲ್ಲಿ ಅದು ಅಂಗಿಯೊಂದಕ್ಕೆ 33 ರೂಪಾಯಿ 60 ಪೈಸೆ, ಲಾಟಿನ ಮೇಲೆ 67,200 ರೂಪಾಯಿ. ಈ ಬಟ್ಟೆಯನ್ನು ಯಾರೂ ಕದ್ದಿರಬೇಕಾಗಿಲ್ಲ. ಪ್ರತಿ ಪದರದ ಎರಡು ತುದಿಗಳಲ್ಲಿ ಬಿಡುವ ಅಂಚು, ಥಾನು ಮುಗಿದಾಗ ಒಂದು ಪದರಕ್ಕೆ ಸಾಲದೆ ಉಳಿಯುವ ತುಂಡು, ಹೇಳಿದ ಅಗಲಕ್ಕಿಂತ ಅರ್ಧ ಇಂಚು ಕಿರಿದಾಗಿ ಬಂದ ಥಾನಿಗೆ ಮಾರ್ಕರನ್ನೇ ಹಿಗ್ಗಿಸಬೇಕಾಗಿ ಬಂದುದು, ಒಂದು ಥಾನಿಗೂ ಇನ್ನೊಂದಕ್ಕೂ ಬಣ್ಣದ ಛಾಯೆ ಹೊಂದದೆ ಪ್ರತ್ಯೇಕವಾಗಿ ಹಾಸಬೇಕಾದುದು: ಇವೆಲ್ಲ ಸೇರಿ ಆ 8 ಸೆಂಟಿಮೀಟರ್ ಆಗುತ್ತದೆ.

ಈ ವ್ಯತ್ಯಾಸವನ್ನು ಎಲ್ಲ ಲಾಟುಗಳ ಮೇಲೂ ಸರಾಸರಿಯಾಗಿ ಹಂಚುವುದು ನಾವು ಅನುಸರಿಸುತ್ತಿರುವ ಕ್ರಮಕ್ಕೆ ವಿರೋಧ. ಏಕೆಂದರೆ ಬಟ್ಟೆಯು ಲಾಟಿನ ಸ್ವಂತ ಆಸ್ತಿ, ಅದರ ನಷ್ಟವೂ ಲಾಟಿನ ಸ್ವಂತ ಋಣ. ಆದುದರಿಂದ ಕಟಿಂಗ್ ಮಾಸ್ಟರು ಪ್ರತಿಯೊಂದು ಹಾಸಿಗೂ ಒಂದು ಲೇ ರಿಪೋರ್ಟನ್ನು ಬರೆದಿಡತಕ್ಕದ್ದು: ಯಾವ ಥಾನು, ಚೀಟಿಯಲ್ಲಿದ್ದ ಮೀಟರ್ ಎಷ್ಟು, ಅಳೆದಾಗ ಬಂದದ್ದೆಷ್ಟು, ಪದರಗಳೆಷ್ಟು, ಉಳಿದ ತುಂಡುಗಳ ಅಳತೆಯೆಷ್ಟು, ಸ್ಟೋರಿಗೆ ಹಿಂದಿರುಗಿಸಿದ್ದೆಷ್ಟು. ಹಿಂದಿರುಗಿದ ಬಟ್ಟೆಯ ಬೆಲೆಯನ್ನು ಆ ಲಾಟಿಗೆ ಜಮಾ ಕೊಡಬೇಕು. ದಾರ, ಗುಂಡಿಗಳನ್ನೂ ಲಾಟಿಗೇ ಕಟ್ಟುವುದು ನನಗೆ ಸಮ್ಮತ; ಬಣ್ಣಕ್ಕೆ ಹೊಂದುವ ದಾರವನ್ನು ಆ ಲಾಟಿಗೆಂದೇ ತರಿಸಿರುವಾಗ, ಉಳಿದ ಕೋನುಗಳು ಮುಂದೆ ಉಪಯೋಗಕ್ಕೆ ಬರುವ ಸಂಭವವೂ ಕಡಮೆ.

ಈಗ ಬುದ್ಧಿವಂತ ಓದುಗರು ಎತ್ತತಕ್ಕ ಆಕ್ಷೇಪಕ್ಕೆ ಬರೋಣ. ಹೊಲಿಗೆಯು ಎಲ್ಲ ಅಂಗಿಗಳಿಗೂ ಸಮಾನವೆಂದು ನೀವು ಹೇಳುತ್ತೀರಿ. ಆದರೆ ಚೌಕಳಿಯ ಅಂಗಿಯಲ್ಲಿ ಜೇಬಿನ ಗೆರೆಯನ್ನು ಎದೆಯ ಗೆರೆಗೆ ಹೊಂದಿಸಿ ಕೂರಿಸಬೇಕಲ್ಲವೆ, ಲಿನನ್ನು ಸುಕ್ಕು ಬಿಡದೆ ಇಸ್ತ್ರಿಯವನನ್ನು ಹೆಚ್ಚು ಹೊತ್ತು ನಿಲ್ಲಿಸುವುದಿಲ್ಲವೆ ಎಂದು ಅವರು ಕೇಳುವರು. ಆಕ್ಷೇಪವು ಯಥಾರ್ಥವಾದುದು. ಸಮಾನವಾಗಿ ಹಂಚುವ ಹಕ್ಕು ನಮಗೆ ದೊರೆಯುವುದು ಆ ಹಂತದಲ್ಲಿ ಪ್ರತಿಯೊಂದು ಪೀಸೂ ಹೆಚ್ಚುಕಡಮೆ ಸಮಾನವಾದ ಕಾಲವನ್ನು ತೆಗೆದುಕೊಳ್ಳುವಾಗ ಮಾತ್ರ. ಕಾಲವು ಭಿನ್ನವಾಗಿದ್ದರೆ ಪೀಸನ್ನು ಬಿಟ್ಟು ನಿಮಿಷವನ್ನು ಹಿಡಿಯಬೇಕು. ಉಡುಪಿನ ಕಾರ್ಖಾನೆಗಳಲ್ಲಿ ಇದಕ್ಕೆ ಬೇಕಾದ ಸಾಧನ ಈಗಾಗಲೇ ಇದೆ. ಒಂದು ಸ್ಟೈಲನ್ನು ಹೊಲಿಯಲು ಇಷ್ಟು ನಿಮಿಷ ಎಂದು ಪ್ರತಿ ಆಪರೇಷನ್ನಿಗೂ ಗೊತ್ತುಮಾಡಿದ ಪಟ್ಟಿಯನ್ನು ಅವರು ಎಸ್.ಎ.ಎಂ. ಎಂದು ಕರೆದು, ದಿನದ ಟಾರ್ಗೆಟ್ಟನ್ನು ನಿಶ್ಚಯಿಸುವುದಕ್ಕೆ ಉಪಯೋಗಿಸುತ್ತಾರೆ. ಉತ್ಪಾದನೆಯವರ ಮೇಜಿನ ಮೇಲಿರುವ ಆ ಕಾಗದವನ್ನು ಲೆಕ್ಕದವರು ಎರವಲು ಪಡೆದರೆ ಸಾಕು.

ಮುಂದಿನ ತಿಂಗಳು 8,000 ಸಾದಾ ಅಂಗಿಗಳ ಜತೆಗೆ 2,000 ಚೌಕಳಿಯ ಅಂಗಿಗಳು ಬಂದವೆನ್ನೋಣ; ಸಾದಾ ಅಂಗಿಗೆ ಲೈನಿನಲ್ಲಿ 22 ನಿಮಿಷ, ಚೌಕಳಿಯದಕ್ಕೆ 27. ಒಟ್ಟು 2,30,000 ನಿಮಿಷ. ಹೊಲಿಗೆಯ ಖರ್ಚು ಮೊದಲಿನಂತೆ 9,50,000. ನಿಮಿಷಕ್ಕೆ ಸುಮಾರು 4 ರೂಪಾಯಿ 13 ಪೈಸೆ. ಸಾದಾ ಅಂಗಿಯ ಹೊಲಿಗೆಗೆ 91 ರೂಪಾಯಿಯೂ ಚೌಕಳಿಯದಕ್ಕೆ 111 ರೂಪಾಯಿ 50 ಪೈಸೆಯೂ ಬೀಳುತ್ತದೆ. ಎರಡಕ್ಕೂ 95 ಎಂದಿದ್ದರೆ ಚೌಕಳಿಯ ಅಂಗಿಗೆ 16 ರೂಪಾಯಿಗೂ ಮೇಲ್ಪಟ್ಟು ರಿಯಾಯಿತಿ ಕೊಟ್ಟಂತಾಗುತ್ತಿತ್ತು. ಹಾಗೆಂದು ಅರ್ಧ ನಿಮಿಷದ ಭೇದವನ್ನೂ ಬೆನ್ನಟ್ಟಿ ಪ್ರತಿಯೊಂದು ಸ್ಟೈಲಿಗೂ ಪ್ರತ್ಯೇಕ ದರವನ್ನು ಕಟ್ಟುವುದು ನನಗೆ ಅಷ್ಟಾಗಿ ರುಚಿಸದು; ಅರ್ಧ ನಿಮಿಷಕ್ಕೆ ಎರಡು ರೂಪಾಯಿ, ಮತ್ತು ಆ ಪಟ್ಟಿಯ ಅಂಕಿಗಳೇ ಅಷ್ಟು ಸೂಕ್ಷ್ಮವಾಗಿ ನಿಜವಾಗಿರುವುದಿಲ್ಲ. ಲಿನನ್ನಿನ ಇಸ್ತ್ರಿಯ ವಿಷಯವೂ ಹೀಗೆಯೇ: ಒಂದು ದಿನ ಗಡಿಯಾರ ಹಿಡಿದು ಎಣಿಸಿ ನೋಡಿ, ಅಂತರ ದೊಡ್ಡದಾದರೆ ಇಸ್ತ್ರಿಯನ್ನು ಫಿನಿಶಿಂಗಿನಿಂದ ಬಿಡಿಸಿ ಸ್ವತಂತ್ರ ಹಂತವನ್ನಾಗಿ ಮಾಡುವುದು, ಇಲ್ಲವಾದರೆ ಇದ್ದಂತೆ ಬಿಡುವುದು. ಬಳ್ಳಾರಿಯ ಜೀನ್ಸ್ ತಯಾರಕರದು ನಮ್ಮ ಅಂಗಿಯವರಿಗಿಂತ ವಿಲೋಮವಾದ ಸ್ಥಿತಿ: ಬಟ್ಟೆಯೆಲ್ಲ ಡೆನಿಮ್ಮೇ ಆಗಿದ್ದು, ವಾಷಿಂಗಿನ ಬಗೆಯಲ್ಲಿ ಸ್ಟೈಲಿಗೂ ಸ್ಟೈಲಿಗೂ ಅಂತರವಿರುವುದರಿಂದ, ಅವರು ಹೊಲಿಗೆಗಿಂತ ವಾಷಿಂಗಿನ ಹಂತವನ್ನೇ ಸೂಕ್ಷ್ಮವಾಗಿ ವಿಭಾಗಿಸಿಕೊಳ್ಳಬೇಕಾಗುತ್ತದೆ.

ಕೆಟ್ಟುಹೋದ ಪೀಸುಗಳ ಪ್ರಶ್ನೆ ಇದಕ್ಕಿಂತ ತೊಡಕಿನದು, ಮತ್ತು ಇಲ್ಲಿ ಪುಸ್ತಕಗಳಿಗಿಂತ ವಿವೇಚನೆ ಹೆಚ್ಚು ಬೇಕಾಗುತ್ತದೆ. ಲಿನನ್ನಿನ 2,000 ಅಂಗಿಗಳಲ್ಲಿ ಕಡೆಯ ಚೆಕಿಂಗಿನಲ್ಲಿ 40 ತಿರಸ್ಕೃತವಾದವು. ಅವುಗಳಿಗೆ ಬೆಲೆಯೇ ಬರಲಿಲ್ಲ. ಒಂದೊಂದರಲ್ಲಿಯೂ 913 ರೂಪಾಯಿ ಹುದುಗಿರುವುದರಿಂದ ನಷ್ಟ 36,520. ಉಳಿದ 1,960 ಅಂಗಿಗಳ ಮೇಲೆ ಹಂಚಿದರೆ ಅಂಗಿಗೆ 18 ರೂಪಾಯಿ 63 ಪೈಸೆ ಏರುತ್ತದೆ. ಆದರೆ ಹೀಗೆ ಹಂಚುವ ಮುನ್ನ ಆ 40 ಏಕೆ ಕೆಟ್ಟವು ಎಂಬುದನ್ನು ಕೇಳಬೇಕು. ನೇಯ್ಗೆಯಲ್ಲಿಯೇ ಎಳೆ ಬಿಟ್ಟು ತೂತಾಗಿದ್ದರೆ ಅದು ಬಟ್ಟೆಯ ದೋಷ, ನಷ್ಟವು ಲಿನನ್ ಲಾಟಿಗೇ ಸಲ್ಲಬೇಕು, ಮತ್ತು ಬಟ್ಟೆ ಕೊಟ್ಟವರಿಂದ ಪರಿಹಾರ ಕೇಳುವುದಕ್ಕೂ ಲಾಟಿನ ಹಾಳೆಯೇ ಸಾಕ್ಷಿ. ಯಂತ್ರದಿಂದ ಎಣ್ಣೆ ಸೋರಿ ಕಲೆಯಾಗಿದ್ದರೆ, ಆ ದಿನ ಆ ಯಂತ್ರದ ಕೆಳಗೆ ಲಿನನ್ ಇದ್ದದ್ದು ಆಕಸ್ಮಿಕ ಮಾತ್ರ. ಹಿಂದಿನ ದಿನವಾಗಿದ್ದರೆ ಪಾಪ್ಲಿನ್ನಿಗೆ ಅದೇ ಗತಿಯಾಗುತ್ತಿತ್ತು. ಇಂಥ ನಷ್ಟ ವಾಡಿಕೆಯ ಮಿತಿಯಲ್ಲಿದ್ದರೆ ಹೊಲಿಗೆಯ ಹಂತದ ಖರ್ಚಿಗೆ ಸೇರಿ ಎಲ್ಲರ ಮೇಲೂ ಬೀಳಬೇಕು. ಒಂದೇ ಸಲಕ್ಕೆ ಅಸಾಧಾರಣವಾಗಿ ಸಂಭವಿಸಿದ್ದಾದರೆ ಯಾವ ಅಂಗಿಯ ವೆಚ್ಚಕ್ಕೂ ಸೇರದೆ ನೇರವಾಗಿ ಲಾಭನಷ್ಟದ ಖಾತೆಗೆ ಹೋಗಬೇಕು. ಚೆಕಿಂಗ್ ಮೇಜಿನಲ್ಲಿ ಕೇವಲ ರಿಜೆಕ್ಟ್ ಎಂದು ಎಣಿಸದೆ, ಬಟ್ಟೆಯದು, ಹೊಲಿಗೆಯದು ಎಂದು ಎರಡು ಬುಟ್ಟಿಗಳನ್ನಿಟ್ಟರೆ ಈ ವಿವೇಚನೆ ಸುಲಭವಾಗುತ್ತದೆ.

ತಿಂಗಳ ಕೊನೆಯ ದಿನ ಲೈನಿನ ಮೇಲೆ ಅರ್ಧ ಹೊಲಿದ ಬಂಡಲುಗಳು ಇದ್ದೇ ಇರುವುವು. ಅವುಗಳನ್ನು ಎಣಿಸದಿದ್ದರೆ ಆ ತಿಂಗಳ ಹೊಲಿಗೆ ದುಬಾರಿಯಾಗಿಯೂ ಮುಂದಿನ ತಿಂಗಳದು ಅಗ್ಗವಾಗಿಯೂ ಕಾಣಿಸುತ್ತದೆ. ಹಿಂದಿನ ಉಳಿಕೆಯಿಲ್ಲದೆ ತೊಡಗಿದ ಒಂದು ತಿಂಗಳಲ್ಲಿ 9,700 ಅಂಗಿಗಳು ಲೈನನ್ನು ಪೂರ್ತಿ ದಾಟಿ, 600 ಪಾಪ್ಲಿನ್ ಅಂಗಿಗಳು ಹೊಲಿಗೆಯ ಅರ್ಧದಲ್ಲಿ ನಿಂತಿದ್ದರೆ, ಲೈನು ಮಾಡಿದ ಕೆಲಸವನ್ನು 9,700 ಮತ್ತು 300, ಎಂದರೆ 10,000 ಅಂಗಿಗಳಷ್ಟೆಂದು ಭಾವಿಸಿ ಭಾಗಿಸಬೇಕು. ಆ 600ರ ಪ್ರತಿಯೊಂದರಲ್ಲಿಯೂ ಸಾಮಗ್ರಿ 255 ಪೂರ್ಣವಾಗಿ, ಕಟಿಂಗಿನ 12 ಪೂರ್ಣವಾಗಿ, ಹೊಲಿಗೆಯ 95ರಲ್ಲಿ ಅರ್ಧ ಸೇರಿ 314 ರೂಪಾಯಿ 50 ಪೈಸೆ ಕೂತಿದೆ; ಒಟ್ಟು 1,88,700. ಗುಂಡಿ, ಪೆಟ್ಟಿಗೆಗಳು ಇನ್ನೂ ಹತ್ತಿಲ್ಲವಲ್ಲ ಎನ್ನುವವರು ಅಷ್ಟನ್ನು ಕಳೆದುಕೊಳ್ಳಬಹುದು, ನಾನು ತಡೆಯುವುದಿಲ್ಲ.

ಕೊನೆಗೆ ಕೆಲಸವಿಲ್ಲದ ತಿಂಗಳಿನ ಮಾತು. ಆರ್ಡರು ಕಡಮೆಯಾಗಿ 6,000 ಅಂಗಿಗಳಷ್ಟೇ ಹೊಲಿದ ತಿಂಗಳಲ್ಲಿ ಲೈನಿನ ಖರ್ಚು 8,70,000ಕ್ಕೆ ಮಾತ್ರ ಇಳಿಯಿತೆನ್ನೋಣ. ತಿಂಗಳ ಸಂಬಳವೂ ಬಾಡಿಗೆಯೂ ಅಂಗಿಗಳ ಸಂಖ್ಯೆಯನ್ನು ನೋಡಿ ಇಳಿಯುವಂಥವಲ್ಲ. ಯಾಂತ್ರಿಕವಾಗಿ ಭಾಗಿಸಿದರೆ ಅಂಗಿಗೆ 145 ರೂಪಾಯಿ. ಈ 145ನ್ನು ಹಿಡಿದುಕೊಂಡು ಮುಂದಿನ ತಿಂಗಳಿಗೆ ದರ ಹೇಳುವ ಮಾಲೀಕರು ಇರುವ ಆರ್ಡರುಗಳನ್ನೂ ಕಳೆದುಕೊಂಡು, 145ನ್ನು 180 ಮಾಡಿಕೊಳ್ಳುವ ಹಾದಿಯಲ್ಲಿದ್ದಾರೆ. ಸರಿಯಾದ ಮಾರ್ಗವೆಂದರೆ, ಸಾಧಾರಣವಾದ ತಿಂಗಳಿನ ಉತ್ಪಾದನೆಯ ಮೇಲೆ 95 ಎಂದು ದರವನ್ನು ಮುಂಗಡವಾಗಿಯೇ ನಿಶ್ಚಯಿಸಿ, 6,000 ಅಂಗಿಗಳಿಗೆ 5,70,000ವನ್ನಷ್ಟೇ ಹಚ್ಚಿ, ಉಳಿದ 3,00,000ವನ್ನು ಯಂತ್ರಗಳು ಸುಮ್ಮನೆ ನಿಂತದ್ದರ ಬೆಲೆಯೆಂದು ಪ್ರತ್ಯೇಕವಾಗಿ ತೋರಿಸುವುದು. ಆ ಮೂರು ಲಕ್ಷಕ್ಕೆ ಅಂಗಿಗಳು ಹೊಣೆಯಲ್ಲ; ಆರ್ಡರು ತರಬೇಕಾಗಿದ್ದವರು ಹೊಣೆ.

ಬಟ್ಟೆಯನ್ನು ವ್ಯಾಪಾರಿಯೇ ಕೊಟ್ಟು, ಹೊಲಿಗೆಯನ್ನು ಮಾತ್ರ ಕೇಳುವ ಜಾಬ್ ವರ್ಕಿನವರಿಗೂ ಈ ಲೆಕ್ಕವು ನೇರವಾಗಿ ಒದಗುತ್ತದೆ. ನಮ್ಮ ಕಾಲ್ಪನಿಕ ಕಾರ್ಖಾನೆಯವರು ತುಂಬಿದ ತಿಂಗಳಿನಲ್ಲಿ 135 ರೂಪಾಯಿಗೆ ತಾವು ಒದಗಿಸುವ ದಾರ ಗುಂಡಿಗಳ ಬೆಲೆಯನ್ನೂ ತಮ್ಮ ಲಾಭವನ್ನೂ ಸೇರಿಸದೆ ಬಾಯಿ ಬಿಡಕೂಡದು, ಯಂತ್ರಗಳು ಖಾಲಿ ನಿಂತ ತಿಂಗಳಿನಲ್ಲಿ ಮಾತ್ರ, ಆ ಕೆಲಸಕ್ಕಾಗಿ ಹೊಸದಾಗಿ ತಗುಲುವ ಖರ್ಚು ಹುಟ್ಟಿ ಮೇಲೆ ಏನಾದರೂ ಉಳಿಯುವಂತಿದ್ದರೆ, ಅದಕ್ಕಿಂತ ಕೆಳಗಿಳಿಯಬಹುದು. ಪತ್ರ ಬರೆದ ಮಹನೀಯರೆಲ್ಲರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೇ: ಮುಂದಿನ ಆರ್ಡರಿಗೆ ದರ ಹೇಳುವ ಮೊದಲು ಕಳೆದ ತಿಂಗಳ ಸಂಬಳದ ಪಟ್ಟಿಯನ್ನೂ, ಕಟಿಂಗ್ ಮಾಸ್ಟರರ ಲೇ ರಿಪೋರ್ಟುಗಳನ್ನೂ, ಪ್ರತಿ ಹಂತವನ್ನು ದಾಟಿದ ಪೀಸುಗಳ ಎಣಿಕೆಯನ್ನೂ ಎದುರಿಗಿಟ್ಟುಕೊಂಡು, ಅಗ್ಗದ ಅರಿವೆಯ ಒಂದು ಲಾಟಿಗೂ ದುಬಾರಿ ಅರಿವೆಯ ಒಂದು ಲಾಟಿಗೂ ಹೀಗೆ ಲೆಕ್ಕ ಹಾಕಿ, ಬಂದ ಅಂಕಿಗಳನ್ನು ನೀವು ಈವರೆಗೆ ಹೇಳುತ್ತಿದ್ದ ದರಗಳ ಪಕ್ಕದಲ್ಲಿ ಬರೆದು ನೋಡಿ.